ಕಾಲ್ ಮುಗಿದ ಮೇಲಿನ ಸಂಸಾರ

ಗಂಡ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ತಿಂಗಳ ಸಂಬಳ ತಪ್ಪದೆ ಮನೆಗೆ ತರುತ್ತಾನೆ. ಆದರೆ ಕೆಲಸ ಮುಗಿಸಿ ಎದ್ದಾಗ ಅವನಲ್ಲಿ ಮಾತಾಡುವ ತ್ರಾಣ ಉಳಿದಿರುವುದಿಲ್ಲ. ತಟ್ಟೆಯ ಮುಂದೆ ಕೂತರೂ ಕಣ್ಣು ಫೋನಿನ ಮೇಲೆ. ಕೇಳಿದ್ದಕ್ಕೆಲ್ಲ 'ಹ್ಞೂಂ' ಎನ್ನುತ್ತಾನೆ, ಕೇಳದಿದ್ದರೆ ಅದೂ ಇಲ್ಲ. ಈ ಬೇಸರವನ್ನು ಹೆಂಡತಿ ತವರಿನಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ನಮಗೆಲ್ಲ ಬಾಯಿಪಾಠ: "ನಿಮಗೋಸ್ಕರ ತಾನೇ ಅವನು ಅಷ್ಟು ದುಡೀತಿರೋದು? ಸ್ವಲ್ಪ ಹೊಂದ್ಕೊಂಡು ಹೋಗಮ್ಮ." ಗೆಳತಿಯರ ಹತ್ತಿರ ಹೇಳಿಕೊಂಡರೆ ಉತ್ತರ ಇನ್ನೊಂದು ಥರ. ಎಷ್ಟು ಹೊತ್ತು ಜೊತೆಗಿದ್ದೀರಿ ಎನ್ನುವುದು ಮುಖ್ಯವಲ್ಲ, ಹೇಗೆ ಕಳೆಯುತ್ತೀರಿ ಎನ್ನುವುದು ಮುಖ್ಯ, ಕ್ವಾಲಿಟಿ ಟೈಮ್ ಇರಲಿ, ವೀಕೆಂಡಿಗೆ ಎಲ್ಲಾದರೂ ಹೋಗಿಬನ್ನಿ ಎನ್ನುತ್ತಾರೆ.

ಎರಡು ಉತ್ತರಗಳೂ ತಪ್ಪು ಎನ್ನುವುದು ನನ್ನ ವಾದ. ಮೊದಲನೆಯದು ಹೆಂಡತಿಯ ಬಾಯಿ ಮುಚ್ಚಿಸುತ್ತದೆ, ಅದು ಮೇಲ್ನೋಟಕ್ಕೇ ಕಾಣುತ್ತದೆ. ಎರಡನೆಯದು ಪ್ರೀತಿಯಿಂದಲೇ ಬರುವ ಸಲಹೆ, ಆದ್ದರಿಂದ ಅದರ ತಪ್ಪು ಬೇಗ ಕಾಣುವುದಿಲ್ಲ. ದಣಿದ ಮನುಷ್ಯ ಯಾಕೆ ದೂರವಾಗುತ್ತಾನೆ ಎಂಬುದನ್ನೇ ಅದು ತಪ್ಪು ತಿಳಿದಿದೆ.

'ಹೊಂದ್ಕೊಂಡು ಹೋಗು' ಎನ್ನುವುದು ಬರೀ ಮನೆಯೊಳಗಿನ ಅಭಿಪ್ರಾಯವೂ ಅಲ್ಲ. ದೇಶ ಮುಂದೆ ಬರಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿ 2023ರ ಅಕ್ಟೋಬರಿನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತಾ ಕೂರುತ್ತೀರಿ ಎಂಬರ್ಥದ ಮಾತೂ ಅವರಿಂದ ಬಂತು. ಜನ ಗಂಟೆಗಳ ಲೆಕ್ಕ ಹಿಡಿದು ಅವರನ್ನು ತರಾಟೆಗೆ ತೆಗೆದುಕೊಂಡರು. ನನ್ನನ್ನು ಚುಚ್ಚಿದ್ದು ಎರಡನೆಯ ಮಾತು. ಗಂಡ ಹೆಂಡತಿ ಸುಮ್ಮನೆ ಜೊತೆಗಿರುವುದು ಬಿಡುವಿದ್ದವರ ಸೋಮಾರಿತನ, ಅದರಿಂದ ಏನೂ ಹುಟ್ಟುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಅದೇ ನಂಬಿಕೆ 'ಹೊಂದ್ಕೊಂಡು ಹೋಗು' ಎನ್ನುವ ಅಮ್ಮನಲ್ಲಿಯೂ ಇದೆ.

ನನ್ನ ಅಕ್ಕನ ಮಗಳ ಮನೆಯನ್ನೇ ತೆಗೆದುಕೊಂಡು ಹೇಳುತ್ತೇನೆ. ಅವಳ ಒಪ್ಪಿಗೆ ಇದೆ. ಅವಳು ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ಅವಳ ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿ ಅಮೆರಿಕದ ಕ್ಲೈಂಟ್ ಒಬ್ಬರ ಸಪೋರ್ಟ್ ತಂಡದ ಲೀಡ್. ಯುಕೆಜಿ ಓದುವ ಮಗ. ಕನಕಪುರ ರಸ್ತೆಯ ಕಡೆ ಮನೆ, ಅವನ ಆಫೀಸು ಬೆಳ್ಳಂದೂರಿನ ಹತ್ತಿರ ಔಟರ್ ರಿಂಗ್ ರೋಡಿನಲ್ಲಿ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು.

ಅವಳು ಏಳುವುದು ಐದೂಕಾಲಿಗೆ. ಏಳಕ್ಕೆ ಶಾಲೆಯ ಬಸ್ಸು. ನಾಲ್ಕಕ್ಕೆ ಮನೆ, ಆಮೇಲೆ ನೋಟ್ಸ್ ಕರೆಕ್ಷನ್, ಅಡುಗೆ, ಮಗನ ಹೋಂವರ್ಕ್. ಹತ್ತಕ್ಕೆ ಅವಳ ಕಣ್ಣು ಎಳೆಯುತ್ತದೆ. ಅವನು ಎಂಟಕ್ಕೆ ಎದ್ದು, ಮಗನನ್ನು ವ್ಯಾನ್ ಹತ್ತಿಸಿ, ಹತ್ತಕ್ಕೆ ಕೆಲಸ ಶುರುಮಾಡುತ್ತಾನೆ. ಆಫೀಸಿನ ದಿನಗಳಲ್ಲಿ ನಾಲ್ಕೂವರೆಗೇ ಹೊರಟರೂ ಮನೆ ಸೇರುವುದು ಆರೂವರೆ. ಏಳಕ್ಕೆ ಮೊದಲ ಕಾಲ್, ಯಾಕೆಂದರೆ ನ್ಯೂಯಾರ್ಕಿನಲ್ಲಿ ಆಗ ಬೆಳಗಿನ ಒಂಬತ್ತೂವರೆ. ಅದು ಎಂಟಕ್ಕೆ ಮುಗಿಯುತ್ತದೆ. ಎಂಟೂವರೆಗೆ ಇನ್ನೊಂದು, ಸ್ಯಾನ್ ಫ್ರಾನ್ಸಿಸ್ಕೋದವರು ಎಂಟು ಗಂಟೆಗೆ ಲಾಗಿನ್ ಆಗುವ ಹೊತ್ತು ಅದು. ಒಂಬತ್ತೂವರೆಗೆ ಅದು ಮುಗಿದರೆ, ಆ ಕಾಲ್‌ಗಳಲ್ಲಿ ಒಪ್ಪಿಕೊಂಡ ಕೆಲಸ ಹನ್ನೊಂದು, ಹನ್ನೊಂದೂವರೆಯ ತನಕ. ನವೆಂಬರಿನಲ್ಲಿ ಅಮೆರಿಕ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ ಈ ಮನೆಯ ಸಂಜೆ ಪೂರ್ತಿ ಒಂದು ಗಂಟೆ ತಡವಾಗುತ್ತದೆ. ಮಾರ್ಚಿನವರೆಗೂ ಅಷ್ಟೇ.

ಇಬ್ಬರೂ ಎಚ್ಚರವಿದ್ದು, ಕೈ ಖಾಲಿಯಿರುವ ಹೊತ್ತು ಎಷ್ಟು ಎಂದು ನೋಡಿದರೆ ಎಂಟರಿಂದ ಎಂಟೂವರೆ. ಎರಡು ಕಾಲ್‌ಗಳ ನಡುವಿನ ಆ ಅರ್ಧ ಗಂಟೆ. ಅವಳು ದಿನವಿಡೀ ಕಾದಿಟ್ಟ ಮಾತೆಲ್ಲ ಹೊರಗೆ ಬರುತ್ತಿದ್ದುದು ಆಗಲೇ. ಅವನು ಮುಖ ಗಂಟಿಕ್ಕಿಕೊಂಡು ಫೋನ್ ಉಜ್ಜುತ್ತಾ ಕೂರುತ್ತಿದ್ದುದೂ ಆಗಲೇ. "ಚಿಕ್ಕಮ್ಮ, ಪಕ್ಕದಲ್ಲೇ ಕೂತಿರ್ತಾರೆ, ಆದ್ರೆ ಇರಲ್ಲ. ಬೈದ್ರೂ ಪರವಾಗಿಲ್ಲ ಅನ್ಸುತ್ತೆ, ಬೈಯೋದೂ ಇಲ್ಲ" ಎಂದಳು ಅವಳು. ಅವನು ಹೇಳಿದ್ದು ಇಷ್ಟು: "ಆಗ ನನ್ನ ತಲೆ ಮುಂದಿನ ಕಾಲ್‌ನಲ್ಲಿರುತ್ತೆ ಚಿಕ್ಕಮ್ಮ. ಅವಳು ಹೇಳಿದ್ದು ಕಿವಿಗೆ ಬೀಳುತ್ತೆ, ಒಳಗೆ ಹೋಗಲ್ಲ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವು ಜಗಳ ದೊಡ್ಡದಲ್ಲ ಎಂದು ಸಮಾಧಾನ ಹೇಳಲು ಬಳಸುತ್ತೇವೆ. ಆ ಗಾದೆ ನಿಂತಿರುವುದು ಎರಡು ಸಂಗತಿಗಳ ಮೇಲೆ: ಇಬ್ಬರೂ ಜೊತೆಯಲ್ಲಿ ಉಣ್ಣುತ್ತಾರೆ, ಒಂದೇ ಹೊತ್ತಿಗೆ ಮಲಗುತ್ತಾರೆ. ದಿನದ ಮುನಿಸು ಕರಗುವ ಜಾಗಗಳು ಅವೆರಡು. ಈ ಮನೆಯಲ್ಲಿ ಅವೆರಡೂ ಹೋಗಿವೆ. ಅವಳು ಎಂಟೂವರೆಗೆ ಮಗನ ಜೊತೆ ಉಣ್ಣುತ್ತಾಳೆ, ಅವನು ಹನ್ನೊಂದೂವರೆಗೆ ಲ್ಯಾಪ್‌ಟಾಪಿನ ಪಕ್ಕ. ಅವಳು ಮಲಗಿ ಎರಡು ಗಂಟೆಯಾದ ಮೇಲೆ ಅವನು ಸದ್ದಿಲ್ಲದೆ ಬಂದು ಮಲಗುತ್ತಾನೆ. ಇದು ಪ್ರೀತಿ ಕಡಿಮೆಯಾದ ಮನೆ ಅಲ್ಲ. ಮುನಿಸು ಕರಗುವ ದಾರಿ ಮುಚ್ಚಿಹೋದ ಮನೆ. ಸಣ್ಣ ಸಣ್ಣ ಬೇಸರಗಳು ಇಲ್ಲಿ ಮರುದಿನಕ್ಕೆ ಬಾಕಿಯಾಗಿ ಹೋಗುತ್ತವೆ, ತಿಂಗಳಾದ ಮೇಲೆ 'ನಿನಗೆ ನಾನು ಬೇಡ' ಎಂಬ ದೊಡ್ಡ ಮಾತಾಗಿ ಈಚೆ ಬರುತ್ತವೆ.

ದಣಿದವನು ಯಾಕೆ ಮೂಕನಾಗುತ್ತಾನೆ ಎಂಬ ಪ್ರಶ್ನೆಯನ್ನು ಬಲ್ಲವರು ಹಿಂದೆಯೇ ಕೇಳಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ರೆನಾ ರೆಪೆಟ್ಟಿ 1989ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಮನೆಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆ ಉದ್ಯೋಗವನ್ನು ಆರಿಸಿಕೊಂಡದ್ದರಲ್ಲಿ ಒಂದು ಅನುಕೂಲವಿತ್ತು. ಅಂದಿನ ಕೆಲಸ ಎಷ್ಟು ಭಾರ ಎಂಬುದನ್ನು ಗಂಡನ ಮಾತಿನಿಂದಲೇ ತಿಳಿಯಬೇಕಾಗಿರಲಿಲ್ಲ. ನಿಲ್ದಾಣದಲ್ಲಿ ಎಷ್ಟು ವಿಮಾನ ಓಡಾಡಿದವು, ಆಕಾಶ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಎಂಬ ದಾಖಲೆಯಿಂದ ಅಳೆಯಬಹುದಿತ್ತು. ಕೆಲಸ ಹೆಚ್ಚಿದ್ದ ದಿನಗಳ ಸಂಜೆ ಆ ಗಂಡಸರು ಮನೆಯಲ್ಲಿ ಹೆಚ್ಚು ಮೌನವಾಗಿ, ಹಿಂದೆ ಸರಿದು ಕೂರುತ್ತಿದ್ದರು. ಹಾಗೆ ಹಿಂದೆ ಸರಿಯಲು ಹೆಂಡತಿ ಎಡೆಮಾಡಿಕೊಟ್ಟ ಮನೆಗಳಲ್ಲಿ ಸಿಟ್ಟು ಸಿಡುಕು ಕಡಿಮೆ ಇತ್ತು.

ಈ ಫಲಿತಾಂಶವನ್ನು 'ನೋಡು, ಅವನನ್ನು ಸುಮ್ಮನೆ ಬಿಟ್ಟರೆ ಒಳ್ಳೆಯದು' ಎಂದು ಓದಿಕೊಳ್ಳುವುದು ಸುಲಭ. ಹಾಗೆ ಓದುವವರು ಒಂದು ವಿಷಯ ಮರೆಯುತ್ತಾರೆ. ನಿಯಂತ್ರಕನ ಪಾಳಿಗೆ ಒಂದು ಕೊನೆ ಇದೆ. ಅವನು ಟವರಿನಿಂದ ಇಳಿದ ಮೇಲೆ ಅವನ ಕುರ್ಚಿಯಲ್ಲಿ ಇನ್ನೊಬ್ಬ ಕೂರುತ್ತಾನೆ, ವಿಮಾನಗಳು ಇವನ ಹಿಂದೆ ಮನೆಗೆ ಬರುವುದಿಲ್ಲ. ಅವನ ಮೌನ ಸುಧಾರಿಸಿಕೊಳ್ಳುವ ಮೌನ, ಅದು ಮುಗಿಯುತ್ತದೆ, ಮುಗಿದ ಮೇಲೆ ಮನುಷ್ಯ ವಾಪಸು ಬರುತ್ತಾನೆ. ಎಂಟಕ್ಕೂ ಎಂಟೂವರೆಗೂ ನಡುವೆ ಸೋಫಾದ ಮೇಲೆ ಕೂತಿರುವ ಸಪೋರ್ಟ್ ಲೀಡ್‌ನ ಮೌನ ಅಂಥದಲ್ಲ. ಅವನು ಸುಧಾರಿಸಿಕೊಳ್ಳುತ್ತಿಲ್ಲ, ಕಾಯುತ್ತಿದ್ದಾನೆ. ಕರೆ ಬಂದರೆ ಎತ್ತಲೇಬೇಕು ಎಂದು ಕಾಯುವ ಹೊತ್ತನ್ನು ಬಿಡುವು ಎಂದು ಲೆಕ್ಕ ಹಿಡಿಯಲಾಗದು ಎಂದು ಜರ್ಮನಿಯ ಯಾನ್ ಡೆಟ್ಮರ್ಸ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಅಂಥ ಸಂಜೆಯ ಮರುದಿನ ಬೆಳಿಗ್ಗೆ ಜನರ ಮನಸ್ಸೂ ಕುಗ್ಗಿರುತ್ತಿತ್ತು, ದೇಹದಲ್ಲಿ ಒತ್ತಡದ ಹಾರ್ಮೋನೂ ಹೆಚ್ಚಿರುತ್ತಿತ್ತು. ಕುದಿಯುತ್ತಿರುವ ಹಾಲಿನ ಮುಂದೆ ನಿಂತವರು ಕೈಯಲ್ಲಿ ಕೆಲಸ ಮಾಡದಿದ್ದರೂ ಬೇರೆ ಕಡೆ ಹೋಗಲಾರರು, ಅವನ ಸ್ಥಿತಿ ಹಾಗೆ.

ಕ್ವಾಲಿಟಿ ಟೈಮ್ ಸಲಹೆ ಸೋಲುವುದು ಈ ಜಾಗದಲ್ಲಿ. ಹೊತ್ತು ಸ್ವಲ್ಪವೇ ಇದ್ದರೂ ಅದನ್ನು ತೀವ್ರವಾಗಿ, ಚೆನ್ನಾಗಿ ಕಳೆಯಿರಿ ಎಂದು ಅದು ಹೇಳುತ್ತದೆ. ಅಂದರೆ ದಣಿದವನಿಂದ ಅವನ ಹತ್ತಿರ ಇಲ್ಲದ್ದನ್ನೇ, ಪೂರ್ತಿ ಗಮನವನ್ನೇ, ಬೇಡುತ್ತದೆ. ಜೊತೆಗೆ ಆ ಅರ್ಧ ಗಂಟೆಯ ಮೇಲೆ ದಾಂಪತ್ಯದ ಭಾರವನ್ನೆಲ್ಲ ಹೇರುತ್ತದೆ. ಅವಳು ಒಳ್ಳೆಯ ಸೀರೆ ಉಟ್ಟು ಕಾದಿದ್ದ ದಿನ ಎಂಟೂ ಹತ್ತಕ್ಕೇ ಕ್ಲೈಂಟ್‌ನಿಂದ ಪಿಂಗ್ ಬಂದರೆ ಆಗುವ ನೋವು, ಏನನ್ನೂ ನಿರೀಕ್ಷಿಸದೆ ಇದ್ದ ದಿನದ ನೋವಿಗಿಂತ ದೊಡ್ಡದು.

ವೀಕೆಂಡ್ ಪ್ರವಾಸವನ್ನೂ ಅವರು ಮಾಡಿದರು. ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇ, ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ವಾಪಸು. ಅವನು ಡ್ರೈವ್ ಮಾಡಿಕೊಂಡು ಹೋದ, ಊಟ ಮಾಡಿದ, ಮಲಗಿದ. ಶನಿವಾರ ಮಧ್ಯಾಹ್ನ ಮಲಗಿದವನು ಎದ್ದಾಗ ಕತ್ತಲಾಗಿತ್ತು. ಅವಳು ಮಗನ ಜೊತೆ ಕಾಫಿ ತೋಟದಲ್ಲಿ ಸುತ್ತಿ ಬಂದಳು. ಭಾನುವಾರ ಮಧ್ಯಾಹ್ನ ಅವನ ಮುಖದಲ್ಲಿ ಗೆಲುವು ಕಂಡಿತು, ಏನೋ ಹಾಸ್ಯ ಮಾಡಿದ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ. ಅಷ್ಟರಲ್ಲಿ ಹೊರಡುವ ಹೊತ್ತು. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸೋಮವಾರದ ರಿಲೀಸಿನ ಬಗ್ಗೆ ಫೋನು. ಇದರಲ್ಲಿ ಅವನ ತಪ್ಪಿಲ್ಲ. ವಾರವಿಡೀ ದಣಿದ ದೇಹ ಮೊದಲ ದಿನ ದಣಿವಿನ ಬಾಕಿ ತೀರಿಸಿಕೊಳ್ಳುತ್ತದೆ. ಎರಡು ದಿನದ ಪ್ರವಾಸ ಮುಗಿಯುವುದು ಮನುಷ್ಯ ಆಗತಾನೇ ಎಚ್ಚೆತ್ತ ಹೊತ್ತಿಗೆ. ಅವಳಿಗೆ ಮಾತ್ರ ಬೇರೆ ಅರ್ಥವಾಯಿತು: ಇಷ್ಟು ಖರ್ಚು ಮಾಡಿ ಇಷ್ಟು ದೂರ ಬಂದರೂ ನನ್ನ ಜೊತೆ ಎಚ್ಚರವಾಗಿರಲು ಇವರಿಗೆ ಮನಸ್ಸಿಲ್ಲ. ಪ್ರವಾಸಕ್ಕೆ ಮುಂಚೆ ಇದ್ದದ್ದು ಬೇಸರ, ಆಮೇಲೆ ಹುಟ್ಟಿದ್ದು ಅನುಮಾನ.

ಇನ್ನು ಹಿರಿಯರ ಮಾತಿಗೆ ಬರುತ್ತೇನೆ. 'ನಿಮಗೋಸ್ಕರ ದುಡಿಯುತ್ತಿದ್ದಾನೆ' ಎನ್ನುವುದರಲ್ಲಿ ಸತ್ಯವಿದೆ. ಫ್ಲ್ಯಾಟಿನ ಇಎಂಐ ಇದೆ, ಮಗನ ಫೀಸು ಇದೆ, ಊರಿನಲ್ಲಿ ಅಪ್ಪ ಅಮ್ಮನ ಔಷಧಿ ಇದೆ. ಅವಳಿಗೆ ಅದು ಗೊತ್ತಿಲ್ಲವೇ? ಇಎಂಐಗೆ ಅವಳ ಸಂಬಳವೂ ಸೇರುತ್ತದೆ. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ. ಆದರೆ ಸಂಜೆಯ ಎರಡೂ ಕಾಲ್‌ಗಳನ್ನು ಒಪ್ಪಿಕೊಂಡಾಗ, ಲೀಡ್ ಆಗುವಾಗ, ಅವಳನ್ನು ಯಾರೂ ಕೇಳಲಿಲ್ಲ. ಮನೆಗೋಸ್ಕರ ಮಾಡುವ ಕೆಲಸವಾದರೆ ಆ ಕೆಲಸ ಎಷ್ಟು ಹೊತ್ತು ತಿನ್ನಬಹುದು ಎಂಬುದರಲ್ಲಿಯೂ ಮನೆಗೆ ಮಾತಿರಬೇಕು. ಹಣದ ಲೆಕ್ಕಕ್ಕೆ ಮಾತ್ರ ಅವಳು ಪಾಲುದಾರಳು, ಹೊತ್ತಿನ ಲೆಕ್ಕಕ್ಕೆ ಹೊರಗಿನವಳು ಎಂದರೆ ಯಾವ ನ್ಯಾಯ?

ಈ ಸಲಹೆಯ ಬಣ್ಣ ಬಯಲಾಗಬೇಕಾದರೆ ಗಂಡ ಹೆಂಡಿರನ್ನು ಅದಲುಬದಲು ಮಾಡಿ ನೋಡಿ. ರಾತ್ರಿ ಹನ್ನೊಂದರ ತನಕ ಕಾಲ್‌ನಲ್ಲಿ ಕೂರುವವಳು ಹೆಂಡತಿ, ಬೇಸರಪಟ್ಟುಕೊಳ್ಳುವವನು ಗಂಡ ಎಂದಿಟ್ಟುಕೊಳ್ಳಿ. ಅವನಿಗೆ ಯಾವ ಅಮ್ಮನೂ 'ಹೊಂದ್ಕೊಂಡು ಹೋಗಪ್ಪ, ನಿನಗೋಸ್ಕರ ತಾನೇ ದುಡೀತಿರೋದು' ಎನ್ನುವುದಿಲ್ಲ. 'ಅವಳಿಗೆ ಕೆಲಸ ಬಿಡು ಅಂತ ಹೇಳು' ಎನ್ನುತ್ತಾರೆ. ಆಸ್ಪತ್ರೆಯ ನೈಟ್ ಡ್ಯೂಟಿ ಮಾಡುವ ನರ್ಸ್‌ಗಳ ಮನೆಗಳಲ್ಲಿ ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಂದೇ ದಣಿವು, ಒಂದೇ ಗೈರುಹಾಜರಿ. ಗಂಡಿನದಾದರೆ ಅದು ತ್ಯಾಗ, ಹೆಣ್ಣಿನದಾದರೆ ಅಪರಾಧ. ಹಾಗಾಗಿ ಈ ಸಲಹೆ ದಣಿವಿನ ಬಗ್ಗೆ ಕರುಣೆಯಿಂದ ಹುಟ್ಟಿದ್ದು ಎಂದು ನಾನು ಒಪ್ಪಲಾರೆ. ಜೊತೆಗೆ, 'ಹೊಂದ್ಕೊಂಡು ಹೋಗು' ಎನಿಸಿಕೊಳ್ಳುವವಳು ಬಿಡುವಾಗಿ ಕೂತವಳೂ ಅಲ್ಲ. 2024ರ ಕೇಂದ್ರ ಸರ್ಕಾರದ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಕಾಯುತ್ತಾ ಕೂತವಳೂ ದಣಿದವಳೇ.

ಹಾಗಾದರೆ ಏನನ್ನು ಕೇಳಬೇಕು? ಹೆಚ್ಚು ಹೊತ್ತನ್ನಲ್ಲ, ಖಚಿತವಾದ ಹೊತ್ತನ್ನು. ಹಾರ್ವರ್ಡ್ ಬ್ಯುಸಿನೆಸ್ ಸ್ಕೂಲಿನ ಲೆಸ್ಲಿ ಪರ್ಲೋ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನಲ್ಲಿ ಕೆಲವು ವರ್ಷ ಮಾಡಿದ ಪ್ರಯೋಗವನ್ನು 2009ರಲ್ಲಿ ಜೆಸ್ಸಿಕಾ ಪೋರ್ಟರ್ ಜೊತೆ ಸೇರಿ ಪ್ರಕಟಿಸಿದರು, 2012ರಲ್ಲಿ ಪುಸ್ತಕವಾಗಿಯೂ ಬರೆದರು. ಅಲ್ಲಿನ ಕನ್ಸಲ್ಟೆಂಟ್‌ಗಳು ವಿಪರೀತ ದುಡಿಯುವವರು. ಅವರನ್ನು ಹೆಚ್ಚು ಕಾಡುತ್ತಿದ್ದುದು ಗಂಟೆಗಳ ಸಂಖ್ಯೆಗಿಂತ, ಯಾವ ಸಂಜೆ ತಮ್ಮದು ಎಂದು ಬೆಳಿಗ್ಗೆ ಹೇಳಲಾಗದ ಸ್ಥಿತಿ. ಪ್ರಯೋಗದಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಒಂದು ಸಂಜೆ, ಮೊದಲೇ ಗೊತ್ತುಮಾಡಿದ ದಿನ, ಆರು ಗಂಟೆಯ ಮೇಲೆ ಕೆಲಸ, ಇಮೇಲ್ ಯಾವುದನ್ನೂ ಮುಟ್ಟುವಂತಿರಲಿಲ್ಲ. ಬೇಡವೆಂದರೂ ಬಿಡುವಂತಿರಲಿಲ್ಲ. ಇಡೀ ತಂಡ ಅದನ್ನು ಕಾಯಬೇಕಿತ್ತು, ಪ್ರತಿ ವಾರ ಕೂತು ಹೇಗಾಯಿತು ಎಂದು ಮಾತಾಡಬೇಕಿತ್ತು. ಮೊದಲು ಹೆದರಿದ ಜನ ಆಮೇಲೆ ತಮ್ಮ ಕೆಲಸದ ಬಗ್ಗೆಯೂ ಮನೆಯ ಬಗ್ಗೆಯೂ ಹೆಚ್ಚು ತೃಪ್ತಿ ಹೇಳಿದರು, ತಂಡದೊಳಗಿನ ಮಾತುಕತೆಯೂ ಸುಧಾರಿಸಿತು.

ನಾನು ಅಕ್ಕನ ಮಗಳಿಗೂ ಅವಳ ಗಂಡನಿಗೂ ಹೇಳಿದ್ದು ಈ ಒಂದು ಸಂಜೆಯ ವಿಷಯ. ಅವರು ಬುಧವಾರ ಆರಿಸಿಕೊಂಡರು. ಅವನು ಮ್ಯಾನೇಜರ್ ಹತ್ತಿರ ಹೋಗಿ, ಬುಧವಾರ ಎಂಟರ ಮೇಲೆ ನನಗೆ ಬೇಡ, ಮನೆಯಲ್ಲಿ ಸ್ವಲ್ಪ ಸಮಯ ಕೊಡಬೇಕು ಎಂದು ಕೇಳಿದ. ಆಗುವುದಿಲ್ಲ ಎಂಬ ಉತ್ತರ ಬಂತು. ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂಬ ಕಾರಣ. ಆಗ ಆ ಕಾರಣವನ್ನೇ ಹಿಡಿದುಕೊಂಡ. ತಂಡದಲ್ಲಿ ಎರಡನೆಯ ಕಾಲ್ ನಡೆಸಬಲ್ಲವರು ಅವನೂ ಸೇರಿ ನಾಲ್ವರು. ನಾಲ್ವರಿಗೂ ವಾರಕ್ಕೆ ಒಂದು ಸಂಜೆ ಬಿಡುವು, ಆ ದಿನ ಆನ್‌ಕಾಲ್ ಡ್ಯೂಟಿ ಇನ್ನೊಬ್ಬರ ಹೆಸರಿಗೆ, ನಾಲ್ಕು ಗಂಟೆಗೆ ಹ್ಯಾಂಡೋವರ್ ನೋಟ್ ಬರೆದಿಡುವುದು ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟ. ಲೀಡ್ ರಜೆ ಹಾಕಿದರೂ ಕೆಲಸ ನಿಲ್ಲುವುದಿಲ್ಲ ಎಂಬ ಅನುಕೂಲ ಮ್ಯಾನೇಜರಿಗೆ ಅದರಲ್ಲಿ ಕಂಡಿತು. ಒಪ್ಪಿಗೆ ಸಿಕ್ಕಿತು. ಒಬ್ಬ ಗಂಡ ಒಬ್ಬನೇ ಗಟ್ಟಿ ಮನಸ್ಸು ಮಾಡಿ ಫೋನ್ ಆಫ್ ಮಾಡಿದರೆ ನಡೆಯುವ ವಿಷಯ ಅಲ್ಲ ಇದು. ಅವನ ಕುರ್ಚಿಯಲ್ಲಿ ಆ ಹೊತ್ತಿಗೆ ಇನ್ನೊಬ್ಬರು ಕೂತಿರಬೇಕು. ಇಲ್ಲದಿದ್ದರೆ ಫೋನ್ ಆಫ್ ಆಗಿದ್ದರೂ ಅವನು ಕಾಯುತ್ತಲೇ ಇರುತ್ತಾನೆ.

ಮನೆಯಲ್ಲಿಯೂ ಒಂದು ಬದಲಾವಣೆ ಆಯಿತು, ಅದು ಅವಳ ಕಡೆಯಿಂದ. ಎಂಟರಿಂದ ಎಂಟೂವರೆಯ ಅರ್ಧ ಗಂಟೆಯನ್ನು ಅವಳು ಬಿಟ್ಟುಕೊಟ್ಟಳು. ಆ ಹೊತ್ತಿನಲ್ಲಿ ಅವನಿಂದ ಮಾತು ನಿರೀಕ್ಷಿಸುವುದಿಲ್ಲ, ಅವನು ಅವರಿಬ್ಬರ ಜೊತೆ ಕೂತು ಉಂಡರೆ ಸಾಕು. ರಾತ್ರಿ ಹನ್ನೊಂದೂವರೆಯ ಊಟ ನಿಂತಿತು. ಬುಧವಾರ ಮೊದಲ ಕಾಲ್ ಮುಗಿಸಿದವನು ಇಪ್ಪತ್ತು ನಿಮಿಷ ಒಬ್ಬನೇ ಟೆರೇಸಿನಲ್ಲಿ ಓಡಾಡಿ ಆಮೇಲೆ ಕೆಳಗೆ ಬರುತ್ತಾನೆ. ರೆಪೆಟ್ಟಿಯ ನಿಯಂತ್ರಕರಿಗೆ ಬೇಕಾಗಿದ್ದ ಮೌನ ಅದು, ಆದರೆ ಕೊನೆಯಿರುವ ಮೌನ.

ಮೊದಲ ಬುಧವಾರ ಚೆನ್ನಾಗಿ ಹೋಗಲಿಲ್ಲ. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯದೆ ಸ್ಕೂಲ್ ಫೀಸು, ಸೋರುವ ನಲ್ಲಿ, ಗ್ಯಾಸ್ ಬುಕಿಂಗ್ ಎಂದು ಒಂಬತ್ತೂವರೆ ಮಾಡಿದರು. ಎರಡನೆಯ ಬುಧವಾರ ಜಗಳವಾಯಿತು, ಜೋರಾಗಿಯೇ. ತಿಂಗಳುಗಟ್ಟಲೆ ಒತ್ತಿಟ್ಟದ್ದು ಬಾಗಿಲು ತೆಗೆದ ಕೂಡಲೇ ಹೊರಬಂತು. ಅಕ್ಕ ನನಗೆ ಫೋನ್ ಮಾಡಿ, ನಿನ್ನ ಉಪಾಯದಿಂದ ಇದ್ದ ನೆಮ್ಮದಿಯೂ ಹೋಯಿತು ಎಂದಳು. ನನಗೆ ಹಾಗನಿಸಲಿಲ್ಲ. ಜಗಳವಾಡಲು ಬೇಕಾದ ಹೊತ್ತೂ ತ್ರಾಣವೂ ಆ ಮನೆಗೆ ಬಹಳ ದಿನದ ಮೇಲೆ ಸಿಕ್ಕಿತ್ತು, ಅಂದು ಇಬ್ಬರೂ ಒಂದೇ ಹೊತ್ತಿಗೆ ಮಲಗಿದ್ದರು ಕೂಡ. ಮೂರನೆಯ ಬುಧವಾರ ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟು ಅವನು ಕೂರಲೇಬೇಕಾಯಿತು. ಅಲ್ಲಿಂದ ಒಂದು ನಿಯಮ ಮಾಡಿಕೊಂಡರು: ಬುಧವಾರ ತಪ್ಪುವುದಾದರೆ ಗೊತ್ತಾದ ಕೂಡಲೇ ಅವನೇ ಹೇಳಬೇಕು, ಅದೇ ವಾರದಲ್ಲಿ ಬದಲಿ ಸಂಜೆಯನ್ನು ಅವನೇ ಹುಡುಕಿ ಕೊಡಬೇಕು. ಅವಳು ಕೇಳುವಂತಾಗಬಾರದು. ಕೇಳಿ ಕೇಳಿ ಪಡೆಯುವುದರಲ್ಲಿಯೇ ಅವಳ ಅರ್ಧ ನೋವು ಇತ್ತು. ನಲ್ಲಿ, ಫೀಸುಗಳ ಮಾತು ಭಾನುವಾರ ಬೆಳಗಿನ ಕಾಫಿಗೆ ಹೋಯಿತು.

ಈ ದಾರಿ ಎಲ್ಲ ಮನೆಗೂ ಹೊಂದುವುದಿಲ್ಲ. ಬದಲಿಗೆ ಕೂರಲು ಯಾರೂ ಇಲ್ಲದ ಸಣ್ಣ ಕಂಪನಿಗಳಿವೆ, ಅಂಗಡಿ ಇಟ್ಟುಕೊಂಡವರಿದ್ದಾರೆ, ಎರಡೆರಡು ಪಾಳಿ ಓಡಿಸುವ ಕ್ಯಾಬ್ ಚಾಲಕರಿದ್ದಾರೆ. ಕಾನೂನಿನಿಂದ ಇವರಿಗೆ ಸಿಗುವ ನೆರವೂ ಕಡಿಮೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿದೆ. ಮನೆಯ ಸೋಫಾದ ಮೇಲೆ ಕೂತು ಎತ್ತಿದ ರಾತ್ರಿಯ ಕಾಲ್ ಯಾವ ಹಾಜರಿ ಪುಸ್ತಕಕ್ಕೂ ಬರುವುದಿಲ್ಲ. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು ಓವರ್‌ಟೈಮ್ ಸೇರಿ 14 ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿಯಬೇಕಾಯಿತು. 'ನನ್ನ ಗಂಡನಿಗೆ ನನ್ನ ಮೇಲೆ ಗಮನವಿಲ್ಲ' ಎನ್ನುವ ಹೆಣ್ಣಿನ ದೂರು ಮಲಗುವ ಕೋಣೆಯದು ಮಾತ್ರವಲ್ಲ, ಅದು ದುಡಿಮೆಯ ನಿಯಮದ ಬಗೆಗಿನ ದೂರೂ ಹೌದು. ಅದನ್ನು ಅವಳ ಸ್ವಭಾವದ ಕೊರತೆ ಎಂದು ತೀರ್ಮಾನಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಕಷ್ಟದ ಸಂಗತಿ. ದಣಿವು ನಿಜವಾದ ಕಾರಣವೋ ಹೇಳಿಕೊಳ್ಳುವ ಕಾರಣವೋ ಎಂದು ಬೇಸರಪಟ್ಟವರು ಒಳಗೊಳಗೇ ಕೇಳಿಕೊಳ್ಳುತ್ತಿರುತ್ತಾರೆ. ಕೆಲಸ ತುಂಬಿ ತುಳುಕುತ್ತಿರುವ ತನಕ ಅದಕ್ಕೆ ಉತ್ತರ ಸಿಗದು. ಕಾಯ್ದಿಟ್ಟ ಸಂಜೆಗಳು ಎಂಟು ಹತ್ತು ಕಳೆದ ಮೇಲೆ ಸಿಗುತ್ತದೆ. ದಣಿವೇ ಕಾರಣವಾಗಿದ್ದರೆ ಮನುಷ್ಯ ನಿಧಾನಕ್ಕೆ ವಾಪಸು ಬರುತ್ತಾನೆ. ಅದು ಕಾಣುವುದು ದೊಡ್ಡ ಮಾತುಗಳಲ್ಲಿ ಅಲ್ಲ, ಹೋದ ವಾರ ನೀವು ಹೇಳಿದ್ದ ಯಾವುದೋ ಸಣ್ಣ ವಿಷಯವನ್ನು ಅವನು ತಾನಾಗಿ ಕೇಳುವುದರಲ್ಲಿ. ಅಕ್ಕನ ಮಗಳು ಅದನ್ನು ಗುರುತಿಸಿದ್ದು ಹಾಗೆ: ಅವಳ ಶಾಲೆಯ ಇನ್‌ಸ್ಪೆಕ್ಷನ್ ಹೇಗಾಯಿತು ಎಂದು ಅವನು ಸೋಮವಾರ ಕೇಳಿದ. ಅವಳು ಅದನ್ನು ಹೇಳಿದ್ದು ಹಿಂದಿನ ಬುಧವಾರ.

ನಿದ್ದೆ ಸಿಕ್ಕಿದ ಮೇಲೂ, ರಜೆಯಲ್ಲಿಯೂ, ಹಿಂದೆ ಇಷ್ಟಪಡುತ್ತಿದ್ದ ಯಾವುದರಲ್ಲಿಯೂ ರುಚಿಯಿಲ್ಲದೆ ಮಂಕಾಗಿ ಕೂತಿದ್ದರೆ ಅದು ಕಾಯಿಲೆಯ ಲಕ್ಷಣ ಇರಬಹುದು. ಆಗ ಮುನಿಸು ಬದಿಗಿಟ್ಟು ವೈದ್ಯರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಗೆಳೆಯರ ಜೊತೆ ರಾತ್ರಿ ಹನ್ನೆರಡರ ತನಕ ನಗುತ್ತಾ ಮಾತಾಡುವ ತ್ರಾಣವಿದ್ದು, ನಿಮ್ಮ ಬುಧವಾರಕ್ಕೆ ಮಾತ್ರ ಸುಸ್ತಾದರೆ, ಅದನ್ನು ಆಫೀಸಿನ ತಲೆಗೆ ಕಟ್ಟುವುದು ನಿಲ್ಲಿಸಿ. ಇನ್ನಷ್ಟು ಹೊಂದಿಕೊಳ್ಳುವುದರಿಂದಲೂ ಇನ್ನೊಂದು ಪ್ರವಾಸದಿಂದಲೂ ಅದು ಸರಿಹೋಗುವುದಿಲ್ಲ. 'ನಿನಗೆ ಈಗ ಕೆಲಸವಿಲ್ಲ, ನಿದ್ದೆಯೂ ಆಗಿದೆ, ಆದರೂ ನನ್ನ ಹತ್ತಿರ ಕೂರುವುದು ಯಾಕೆ ಕಷ್ಟ?' ಎಂದು ನೇರವಾಗಿ ಕೇಳಿ. ಅದಕ್ಕೆ ಅವನು ಕೊಡುವ ಉತ್ತರದಿಂದ, ಅಥವಾ ಉತ್ತರ ಕೊಡದೆ ಎದ್ದುಹೋಗುವುದರಿಂದ, ಮುಂದೆ ಏನು ಮಾಡಬೇಕೆಂದು ನೀವು ನಿರ್ಧರಿಸಬಹುದು.